ಅಕ್ಷಾಂಶದ ವ್ಯತ್ಯಾಸವನ್ನು ಕಿಲೋಮೀಟರಿಗೆ ಬದಲಿಸುವುದು

ಪ್ರಶ್ನೆ: ಕನ್ಯಾಕುಮಾರಿ 8°05′, ಬೆಂಗಳೂರು 12°58′ ಉತ್ತರ. ನಡುವೆ ನೇರ ದೂರ ಎಷ್ಟು ಕಿ.ಮೀ.?

ಉತ್ತರ: ಸುಮಾರು 540 ಕಿ.ಮೀ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿ, 77.5° ಪೂರ್ವದ ಆಸುಪಾಸಿನಲ್ಲಿವೆ. ಹಾಗಾಗಿ ಅಕ್ಷಾಂಶದ ವ್ಯತ್ಯಾಸವೊಂದೇ ಸಾಕು.

ವ್ಯತ್ಯಾಸ 4°53′. ಇದನ್ನು 4.53 ಎಂದು ಬರೆದುಕೊಂಡರೆ ಉತ್ತರ 501 ಬಂದು, 39 ಕಿ.ಮೀ. ಕಡಿಮೆಯಾಗುತ್ತದೆ. ಡಿಗ್ರಿಗೆ 60 ಮಿನಿಟು, ಆದ್ದರಿಂದ ಮೊದಲು 53ನ್ನು 60ರಿಂದ ಭಾಗಿಸಿ:

```
4 + 53/60 = 4.883°
4.883 × 110.61 = 540.1
```

110.61 ಎಲ್ಲಿಂದ ಬಂತು? ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರುವುದರಿಂದ ಅಲ್ಲಿ ಬಾಗು ಕಡಿಮೆ, ಒಂದು ಡಿಗ್ರಿ ದಾಟಲು ಹೆಚ್ಚು ದೂರ ಹೋಗಬೇಕು. ಸಮಭಾಜಕದಲ್ಲಿ ಡಿಗ್ರಿಗೆ 110.57 ಕಿ.ಮೀ., ಧ್ರುವದಲ್ಲಿ 111.69. ನಡು ಅಕ್ಷಾಂಶ ಇಲ್ಲಿ ಸುಮಾರು 10.5°, ಅಲ್ಲಿ 110.61. ಬಾಯಿಲೆಕ್ಕಕ್ಕೆ 111 ಸಾಕು, ತಪ್ಪು ಎರಡೇ ಕಿ.ಮೀ. ಇದು ರಸ್ತೆಯ ದೂರವಲ್ಲ.