ಯೂಟ್ಯೂಬ್ ಲೈವ್‌ನಲ್ಲಿ ಆರ್‌ಸಿಬಿ ಮ್ಯಾಚ್ ಸ್ಕ್ರೀನ್ ಶೇರ್ ಮಾಡಿ ಕನ್ನಡದಲ್ಲಿ ಕಾಮೆಂಟರಿ ಹೇಳ್ತಿದ್ದೆ. ಅರ್ಧ ಗಂಟೆ ಸುಮ್ನಿದ್ದು ಆಮೇಲೆ ಕಟ್ ಮಾಡಿದ್ರು. ಮೊದಲೇ ಯಾಕೆ ತಡೆಯಲಿಲ್ಲ?

ಆ ಅರ್ಧ ಗಂಟೆ ನಿಮಗೆ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ. ಅಲ್ಲಿವರೆಗೆ ತಾಳೆ ಸಿಕ್ಕಿರಲಿಲ್ಲ, ಅಷ್ಟೇ.

ಪ್ರಸಾರದ ಹಕ್ಕು ಇರುವವರು ಮ್ಯಾಚ್ ನಡೆಯುವಾಗಲೇ ತಮ್ಮ ಫೀಡನ್ನು ಯೂಟ್ಯೂಬ್‌ಗೆ ಕಳಿಸಬಹುದು. ಅಲ್ಲಿನ ಕಂಟೆಂಟ್ ಐಡಿ ಆ ಫೀಡಿನ ಚಿತ್ರ, ಶಬ್ದ ಎರಡರ ಗುರುತನ್ನೂ ತೆಗೆದುಕೊಂಡು, ನಡೆಯುತ್ತಿರುವ ಲೈವ್‌ಗಳ ಜೊತೆ ಹೋಲಿಸುತ್ತಾ ಹೋಗುತ್ತದೆ. ಒಂದು ಕ್ಷಣ ಹೋಲಿಕೆಯಾದರೆ ಸಾಲದು, ಸ್ವಲ್ಪ ಹೊತ್ತು ಬಿಡದೆ ಹೋಲಬೇಕು. ಚಿತ್ರ ಚಿಕ್ಕದಿದ್ದು ನಿಮ್ಮ ದನಿ ಜೋರಾಗಿದ್ದರೆ ತಡವಾಗುತ್ತದೆ.

ವಿಜಯನಗರದಲ್ಲಿ ನನ್ನ ಗೆಳೆಯ ಹೀಗೇ ಲೈವ್ ಮಾಡುತ್ತಿದ್ದ. ಮ್ಯಾಚ್ ಚಿನ್ನಸ್ವಾಮಿಯಲ್ಲಿ. ಟಿವಿ ಚಿತ್ರ ಒಂದು ಮೂಲೆಯಲ್ಲಿ, ಅವನ ಮುಖ ದೊಡ್ಡದಾಗಿ. ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್‌ನಲ್ಲಿ `Desktop Audio` ಮ್ಯೂಟ್. ಪವರ್‌ಪ್ಲೇ ಮುಗಿದರೂ ಏನೂ ಆಗಲಿಲ್ಲ. ಆಮೇಲೆ ವಿಕೆಟ್ ಬಿತ್ತು. ರೀಪ್ಲೇ ತೋರಿಸಲು ಚಿತ್ರವನ್ನು ಪೂರ್ತಿ ಪರದೆಗೆ ಎಳೆದ, ಹಾಗೇ ಬಿಟ್ಟ. ಹಾಲ್‌ನಲ್ಲಿ ಅವರಪ್ಪ ಟಿವಿ ಸೌಂಡ್ ಜಾಸ್ತಿ ಮಾಡಿದ್ದರು, ಆ ಕಾಮೆಂಟರಿ ಅವನ ಮೈಕಿಗೂ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ವೀಕ್ಷಕರಿಗೆ ಮ್ಯಾಚ್ ಬದಲು ಒಂದು ನಿಂತ ಚಿತ್ರ ಕಾಣತೊಡಗಿತು. ಅದು ಎಚ್ಚರಿಕೆ. ಇವನು ನೆಟ್ ತೊಂದರೆ ಅಂದುಕೊಂಡು ಅದೇ ಮ್ಯಾಚನ್ನು ಮುಂದುವರಿಸಿದ. ಲೈವ್ ನಿಂತುಹೋಯಿತು.

ನೆಟ್ ತೊಂದರೆಯೋ ಕಾಪಿರೈಟೋ ಅಂತ ತಿಳಿಯುವುದು ಸುಲಭ. ನೆಟ್ ಕೈಕೊಟ್ಟರೆ ಓಬಿಎಸ್‌ನ ಕೆಳಸಾಲಿನಲ್ಲಿ ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ಏರುತ್ತಾ ಹೋಗುತ್ತದೆ. ಆ ಲೆಕ್ಕ ಏರದೆ, ನೀವು ಕಳಿಸುವುದೆಲ್ಲ ಸರಿಯಾಗಿ ಹೋಗುತ್ತಿದ್ದು, ನೋಡುವವರಿಗೆ ಮಾತ್ರ ನಿಂತ ಚಿತ್ರ ಕಂಡರೆ ಅದು ಕಾಪಿರೈಟ್. ಯೂಟ್ಯೂಬ್ ಸ್ಟುಡಿಯೋದಲ್ಲೂ ಸೂಚನೆ ಬಂದಿರುತ್ತದೆ.

ಇನ್ನೊಂದು ದಾರಿಯೂ ಇದೆ, ಅದು ಹೆಚ್ಚು ಕಷ್ಟದ್ದು. ಹಕ್ಕುದಾರರ ಕಡೆಯ ಜನ ಮ್ಯಾಚ್ ಹೊತ್ತಿನಲ್ಲೇ ಲೈವ್‌ಗಳನ್ನು ಹುಡುಕಿ ನೇರವಾಗಿ ತೆಗೆಸಬಹುದು. ಕಂಟೆಂಟ್ ಐಡಿಯ ಕ್ಲೇಮ್ ಬಂದ ಮಾತ್ರಕ್ಕೆ ಸ್ಟ್ರೈಕ್ ಆಗುವುದಿಲ್ಲ. ಆದರೆ ಹಕ್ಕುದಾರರು ಹೀಗೆ ನೇರವಾಗಿ ತೆಗೆಸಿದರೆ ಸ್ಟ್ರೈಕ್ ಬೀಳುತ್ತದೆ, 90 ದಿನ ಇರುತ್ತದೆ. ಅಷ್ಟರೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು. ನಿಮಗೆ ಬಂದಿದ್ದು ಎರಡರಲ್ಲಿ ಯಾವುದು ಅಂತ ಸ್ಟುಡಿಯೋದಲ್ಲಿ ಮೊದಲು ನೋಡಿ.

ದುಡ್ಡು ಮಾಡಿಲ್ಲ, ಟಿವಿ ಚಾನೆಲ್ ಹೆಸರು ಹಾಕಿದ್ದೆ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ ಪ್ರಸಾರಕ್ಕೇ ಬೇರೆ ಹಕ್ಕು ಕೊಟ್ಟಿದೆ. ಅನುಮತಿಯಿಲ್ಲದೆ ಮರುಪ್ರಸಾರ ಮಾಡಿದರೆ ಅದು ಉಲ್ಲಂಘನೆ. ಚಿತ್ರವನ್ನು ತಿರುಗಿಸುವುದು, ಸುತ್ತ ಫ್ರೇಮ್ ಹಾಕುವುದು ಇವೆಲ್ಲ ಪತ್ತೆಯಾಗುವುದನ್ನು ತಡ ಮಾಡಬಹುದೇ ಹೊರತು ಹಕ್ಕು ತಂದುಕೊಡುವುದಿಲ್ಲ. ಅದಕ್ಕೆ ಹೊತ್ತು ಹಾಳುಮಾಡಬೇಡಿ.

ನಿಮ್ಮ ಕನ್ನಡ ಕಾಮೆಂಟರಿ ನಿಮ್ಮದೇ, ಅದನ್ನು ನಿಲ್ಲಿಸಬೇಡಿ. ಟಿವಿ ಚಿತ್ರ ಪೂರ್ತಿ ತೆಗೆಯಿರಿ. ನಿಮ್ಮ ಮುಖ, ಜೊತೆಗೆ ನೀವೇ ಟೈಪ್ ಮಾಡಿದ ಸ್ಕೋರ್ ಸಾಕು. ಟಿವಿ ಚಾನೆಲ್‌ನ ಸ್ಕೋರ್ ಪಟ್ಟಿಯನ್ನು ಕತ್ತರಿಸಿ ಅಂಟಿಸಬೇಡಿ. ಮ್ಯಾಚನ್ನು ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿ, ಮೈಕಿಗೆ ಏನೂ ಬೀಳಬಾರದು. ಗೆಳೆಯ ಈಗ ಹೀಗೇ ಮಾಡುತ್ತಾನೆ. ನೋಡುವವರು ಹೇಗೂ ಟಿವಿ ಮುಂದೆಯೇ ಕೂತಿರುತ್ತಾರೆ, ಅವರಿಗೆ ಬೇಕಿರುವುದು ಅವನ ಮಾತು.