ಅಮೆರಿಕದಲ್ಲಿ ಕೆಲಸ, ಊರಲ್ಲಿ ಪಿಪಿಎಫ್: ಕಟ್ಟುತ್ತಾ ಹೋಗಬೇಕೆ?

"ಊರು ವಿರಾಜಪೇಟೆ. 2016ರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಿಪಿಎಫ್ ಖಾತೆ ತೆರೆದೆ. 2021ರಿಂದ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ, ಎಚ್‌1ಬಿ ವೀಸಾ. ಅಪ್ಪ ಪ್ರತಿ ವರ್ಷ ಅದಕ್ಕೆ ಒಂದೂವರೆ ಲಕ್ಷ ಕಟ್ಟುತ್ತಿದ್ದಾರೆ. ಮುಂದುವರಿಸಲೇ, ನಿಲ್ಲಿಸಲೇ?"

ನಾನು ಮಡಿಕೇರಿಯಲ್ಲಿ ತೆರಿಗೆ ಲೆಕ್ಕ ನೋಡುವವನು. ಮಕ್ಕಳು ಹೊರದೇಶದಲ್ಲಿರುವ ಮನೆಗಳ ಕಾಗದಪತ್ರ ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ. ನನ್ನ ಉತ್ತರ ನಿಂತಿರುವುದು ಒಂದೇ ವಿಷಯದ ಮೇಲೆ: ನೀವು ಊರಿಗೆ ಮರಳುವುದು ಯಾವಾಗ? ಎರಡು ಮೂರು ವರ್ಷದಲ್ಲಿ ಎಂದಾದರೆ ಪೂರ್ತಿ ಕಟ್ಟಿ. ಗೊತ್ತಿಲ್ಲ ಎಂದಾದರೆ ವರ್ಷಕ್ಕೆ 500 ರೂಪಾಯಿ ಮಾತ್ರ ಕಟ್ಟಿ ಖಾತೆ ಜೀವಂತ ಇಟ್ಟುಕೊಳ್ಳಿ.

ಕಾರಣ ಹೇಳುತ್ತೇನೆ. ಪಿಪಿಎಫ್‌ಗೆ 2020ರ ಏಪ್ರಿಲ್‌ನಿಂದ ಬಡ್ಡಿ ಶೇ 7.1. ಅದಕ್ಕೆ ತೆರಿಗೆ ಇಲ್ಲ ಎನ್ನುವುದು ಭಾರತದ ಮಟ್ಟಿಗೆ ಮಾತ್ರ ನಿಜ. ಅಮೆರಿಕ ತನ್ನಲ್ಲಿ ತೆರಿಗೆ ಕಟ್ಟುವ ನಿವಾಸಿಯ ಆದಾಯವನ್ನು ಅದು ಜಗತ್ತಿನ ಎಲ್ಲಿ ಹುಟ್ಟಿದರೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಅಲ್ಲಿನ ಲೆಕ್ಕಿಗರಲ್ಲಿ ಹೆಚ್ಚಿನವರು ಪಿಪಿಎಫ್ ಬಡ್ಡಿಯನ್ನು ಆಯಾ ವರ್ಷವೇ ತೋರಿಸಲು ಹೇಳುತ್ತಾರೆ. ನಿಮ್ಮ ಫೆಡರಲ್ ದರ ಶೇ 24, ಕ್ಯಾಲಿಫೋರ್ನಿಯಾದ್ದು ಶೇ 9.3 ಎಂದಿಟ್ಟುಕೊಳ್ಳೋಣ. ಹೊಸದಾಗಿ ಕಟ್ಟುವ 1.5 ಲಕ್ಷಕ್ಕೆ ವರ್ಷದ ಬಡ್ಡಿ 10,650 ರೂಪಾಯಿ. ಅದರಲ್ಲಿ ಸುಮಾರು 3,500 ಅಲ್ಲಿಗೆ ಹೋದರೆ ಉಳಿಯುವುದು 7,100, ಅಂದರೆ ಶೇ 4.7. ಅದೂ ರೂಪಾಯಿಯಲ್ಲಿ. 2016ರಲ್ಲಿ ಡಾಲರಿಗೆ 67ರ ಆಸುಪಾಸಿನಲ್ಲಿದ್ದ ರೂಪಾಯಿ 2024ರ ಹೊತ್ತಿಗೆ 84ಕ್ಕೆ ಇಳಿದಿತ್ತು. ಮುಪ್ಪಿನಲ್ಲಿ ಖರ್ಚು ಮಾಡುವುದು ವಿರಾಜಪೇಟೆಯಲ್ಲಾದರೆ ಈ ಇಳಿತ ನಿಮಗೆ ಅಷ್ಟಾಗಿ ತಟ್ಟದು. ಅಮೆರಿಕದಲ್ಲೇ ಉಳಿಯುವುದಾದರೆ ಉಳಿದ ಲಾಭದ ಬಹುಪಾಲನ್ನು ಅದೇ ತಿಂದುಹಾಕುತ್ತದೆ.

80ಸಿ ವಿನಾಯಿತಿ ಸಿಗುತ್ತಲ್ಲ ಎಂದು ಅಪ್ಪ ಹೇಳಬಹುದು. ಭಾರತದಲ್ಲಿ ನಿಮಗೆ ತೆರಿಗೆಗೊಳಪಡುವ ಆದಾಯವೇ ಇಲ್ಲದಿದ್ದರೆ ಯಾವುದರಿಂದ ಕಳೆಯುವುದು? ತೋಟದ ಒಂದು ಪಾಲು ನಿಮ್ಮ ಹೆಸರಿನಲ್ಲೇ ಇದ್ದರೂ, ಒಣಗಿಸಿದ ಚೆರಿ ಕಾಫಿಯನ್ನು ಹಾಗೇ ಮಾರಿದ ಹಣ ಕೃಷಿ ಆದಾಯ. ಅದಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ. (ಕ್ಯೂರಿಂಗ್ ಮಾಡಿಸಿ ಮಾರಿದರೆ ಶೇ 25ರಷ್ಟು ಭಾಗಕ್ಕೆ ತೆರಿಗೆ ಬೀಳುತ್ತದೆ, ಅದು ಬೇರೆ ಕತೆ.)

ಹಾಗಾದರೆ ಮುಚ್ಚಿಯೇಬಿಡೋಣವೇ? ಬೇಡ. 2019ರ ನಿಯಮದಂತೆ, ಐದು ವರ್ಷ ತುಂಬಿದ ಖಾತೆಯನ್ನು ವಾಸಸ್ಥಿತಿ ಬದಲಾದ ಕಾರಣಕ್ಕೆ ಅವಧಿಗೆ ಮೊದಲೇ ಮುಚ್ಚಬಹುದು. ಆದರೆ ಖಾತೆ ತೆರೆದ ದಿನದಿಂದ ಲೆಕ್ಕ ಹಾಕಿ ಬಡ್ಡಿಯಲ್ಲಿ ಶೇ 1 ಕಡಿತ ಮಾಡುತ್ತಾರೆ. ಪ್ರತಿ ವರ್ಷ 1.5 ಲಕ್ಷದಂತೆ ಹತ್ತು ಕಂತು ಕಟ್ಟಿದ್ದರೆ ನಿಮ್ಮ ಖಾತೆಯಲ್ಲಿ ಸುಮಾರು 22 ಲಕ್ಷ ಇರಬೇಕು. ಮುಚ್ಚಿದರೆ ಅದರಲ್ಲಿ ಹೆಚ್ಚುಕಡಿಮೆ 1.2 ಲಕ್ಷ ಹೋಗುತ್ತದೆ. ಬಂದ ಹಣ ಅನಿವಾಸಿಗಳ ರೂಪಾಯಿ ಖಾತೆಯಾದ ಎನ್‌ಆರ್‌ಒ ಖಾತೆಗೆ ಬೀಳುತ್ತದೆ. ಅಲ್ಲಿ ಠೇವಣಿ ಇಟ್ಟರೆ ಬಡ್ಡಿಯ ಮೇಲೆ ಶೇ 30 ಟಿಡಿಎಸ್. ಇಷ್ಟು ನಷ್ಟ ಮಾಡಿಕೊಂಡು ಹೊರಬರಲು ಕಾರಣವಿಲ್ಲ.

ಜನ ನಿಜವಾಗಿ ಎಡವುವುದು ಅವಧಿ ಮುಗಿಯುವಾಗ. ಹದಿನೈದು ವರ್ಷ ಎಣಿಸುವುದು ಖಾತೆ ತೆರೆದ ಆರ್ಥಿಕ ವರ್ಷದ ಕೊನೆಯಿಂದ. ನೀವು ತೆರೆದದ್ದು 2016ರ ಏಪ್ರಿಲ್ ನಂತರವಾದರೆ ಅವಧಿ ಮುಗಿಯುವುದು 2032ರ ಮಾರ್ಚ್ 31ಕ್ಕೆ. ಊರಿನಲ್ಲಿ ಇರುವವರು ಐದೈದು ವರ್ಷ ವಿಸ್ತರಿಸಿಕೊಳ್ಳಬಹುದು, ಅನಿವಾಸಿಗೆ ಆ ಅವಕಾಶವಿಲ್ಲ. 1968ರ ಯೋಜನೆಯಲ್ಲಿ ತೆರೆದ, ವಿಸ್ತರಣೆಯ ಫಾರಂನಲ್ಲಿ ವಾಸಸ್ಥಿತಿಯನ್ನೇ ಕೇಳದೆ ಅವಧಿ ಮುಗಿದ ಮೇಲೂ ಮುಂದುವರಿದ ಅನಿವಾಸಿಗಳ ಖಾತೆಗಳಿಗೆ 2024ರ ಅಕ್ಟೋಬರ್ 1ರಿಂದ ಬಡ್ಡಿ ಸೊನ್ನೆ. ಕೌಂಟರಿನಲ್ಲಿ ಯಾರೂ ಕೇಳಲಿಲ್ಲ ಎನ್ನುವುದು ರಕ್ಷಣೆಯಾಗಲಿಲ್ಲ. ಹಾಗಾಗಿ ನೀವು ಅನಿವಾಸಿ ಎಂದು ಖಾತೆ ಇರುವ ಬ್ಯಾಂಕಿಗೋ ಅಂಚೆ ಕಚೇರಿಗೋ ಈಗಲೇ ಲಿಖಿತವಾಗಿ ತಿಳಿಸಿ. 2032ಕ್ಕೆ ಮೊದಲೇ ಮರಳಿ ನಿವಾಸಿಯಾದರೆ ವಿಸ್ತರಣೆಯ ಬಾಗಿಲು ಮತ್ತೆ ತೆರೆಯುತ್ತದೆ. ಬೇಗ ಬರುವವರು ಪೂರ್ತಿ ಕಟ್ಟಲಿ ಎಂದು ನಾನು ಹೇಳಿದ್ದು ಇದಕ್ಕೇ: ಅಮೆರಿಕಕ್ಕೆ ತೆರಿಗೆ ಕೊಡುವುದು ಕೆಲವೇ ವರ್ಷ, ಆಮೇಲೆ ಖಾತೆ ಬೇಕಾದಷ್ಟು ಕಾಲ ನಡೆಯುತ್ತದೆ.

ಎನ್‌ಪಿಎಸ್ ಬಗ್ಗೆ ನೀವು ಕೇಳಿಲ್ಲ, ಅಪ್ಪ ಕೇಳುತ್ತಾರೆ. ಅನಿವಾಸಿಗೆ ಅದರಲ್ಲಿ ಟಿಯರ್ 1 ಖಾತೆ ತೆರೆಯಬಹುದು. ಹಣ ಬಹಳ ವರ್ಷ ಸಿಕ್ಕಿಕೊಳ್ಳುತ್ತದೆ, ಒಂದು ಪಾಲಿನಿಂದ ಕಡ್ಡಾಯವಾಗಿ ಪಿಂಚಣಿ ಕೊಳ್ಳಬೇಕು, ಆ ಪಿಂಚಣಿಗೆ ತೆರಿಗೆಯೂ ಉಂಟು. ನಿಮ್ಮ ಕಂಪನಿ ಅಲ್ಲಿನ ನಿವೃತ್ತಿ ಉಳಿತಾಯವಾದ 401(ಕೆ)ಗೆ ತನ್ನ ಪಾಲು ಸೇರಿಸುವುದಾದರೆ ಮೊದಲು ಅದನ್ನು ಪೂರ್ತಿ ಪಡೆಯಿರಿ.

ಇನ್ನೊಂದು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅಮೆರಿಕದಲ್ಲಿ ಎಫ್‌ಬಾರ್ ಎಂಬ ಹೊರದೇಶದ ಖಾತೆಗಳ ವರದಿ ಸಲ್ಲಿಸಬೇಕು. ನಿಮ್ಮ 22 ಲಕ್ಷ ಆ ಗೆರೆಯನ್ನು ಆಗಲೇ ದಾಟಿದೆ. ಹಿಂದಿನ ವರ್ಷಗಳಲ್ಲಿ ಸಲ್ಲಿಸಿದ್ದೀರಾ ಎಂಬುದನ್ನು ಅಲ್ಲಿನ ಲೆಕ್ಕಿಗರ ಹತ್ತಿರ ಈ ವಾರವೇ ಕೇಳಿ, ಮುಂದಿನ ಕಂತಿನ ಯೋಚನೆ ಆಮೇಲೆ.