'ಬಾಡಿಗೆ ಬರೀ 2,000 ಜಾಸ್ತಿ' ಅಂದ್ರೆ ಎಷ್ಟು ಜಾಸ್ತಿ?

ಪ್ರಶ್ನೆ: ಬೆಳಗಾವಿ ಖಡೇಬಜಾರಿನಲ್ಲಿ 280 ಚದರಡಿಯ ಬಟ್ಟೆ ಅಂಗಡಿ ನಮ್ಮದು. ಬಾಡಿಗೆ 20,000, ಡಿಪಾಸಿಟ್ 2 ಲಕ್ಷ. ಕರಾರು ಆಗಸ್ಟ್ ಕೊನೆಗೆ ಮುಗಿಯುತ್ತೆ. ಮಾಲೀಕರು ಇನ್ನೂ 5 ವರ್ಷ ಕೊಡ್ತಾರೆ. ಬಾಡಿಗೆ 22,000, ಪ್ರತಿ ವರ್ಷ ಶೇ 7 ಏರಿಕೆ, ಡಿಪಾಸಿಟ್ 5 ಲಕ್ಷ, ರಿಪೇರಿ ಎಲ್ಲ ನಮ್ಮದು ಅಂತಾರೆ. ಬರೀ 2,000 ತಾನೇ ಜಾಸ್ತಿ, ಒಪ್ಪಿಬಿಡಲಾ?

ಈ 'ಬರೀ 2,000' ಅನ್ನೋ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮೊದಲ ತಿಂಗಳ ಬಾಡಿಗೆ ಒಂದನ್ನೇ ನೋಡ್ತೀರಿ, ಉಳಿದದ್ದನ್ನು ಮಾಲೀಕರು ಲೆಕ್ಕ ಹಾಕಿರ್ತಾರೆ.

ನೀವೂ ಹಾಕಿ. ಪ್ರತಿ ವರ್ಷ ಶೇ 7 ಏರಿದರೆ 22,000 ಐದನೇ ವರ್ಷಕ್ಕೆ ಸುಮಾರು 28,800 ಆಗುತ್ತದೆ. ಐದೂ ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ 25,300. ಇನ್ನು ಹೆಚ್ಚಿಗೆ ಕೊಡುವ 3 ಲಕ್ಷ ಡಿಪಾಸಿಟ್ಟಿಗೆ ಮಾಲೀಕರು ಬಡ್ಡಿ ಕೊಡೋದಿಲ್ಲ. ಅದೇ ದುಡ್ಡು ಶೇ 7ರ ಬಡ್ಡಿಗೆ ಇದ್ದಿದ್ದರೆ ವರ್ಷಕ್ಕೆ 21,000 ಬರುತ್ತಿತ್ತು, ಅಂದರೆ ತಿಂಗಳಿಗೆ 1,750. ನೀವೇ ಸಾಲ ತಂದು ಕಟ್ಟಿದರೆ ಇನ್ನೂ ಜಾಸ್ತಿ. ಎರಡೂ ಸೇರಿದರೆ ನಿಮ್ಮ ನಿಜವಾದ ಬಾಡಿಗೆ 27,000 ದಾಟಿತು. ಏರಿಕೆ 2,000 ಅಲ್ಲ, 7,000.

ಹಾಗಂತ ಜಗಳಕ್ಕೆ ಹೋಗಬೇಡಿ. ಮಾಲೀಕರಿಗೆ ಕೈಗೆ ಸಿಗುವ ಬಾಡಿಗೆ ಕಣ್ಣಿಗೆ ಕಾಣುತ್ತದೆ, ಅದನ್ನೇ ಸ್ವಲ್ಪ ಜಾಸ್ತಿ ಕೊಡಿ. ಮೊದಲ ಮೂರು ವರ್ಷ 23,500, ಏರಿಕೆ ಇಲ್ಲ. ಆಮೇಲೆ ಒಂದೇ ಸಲ ಶೇ 12, ಅಂದರೆ 26,320. ಡಿಪಾಸಿಟ್ 2.5 ಲಕ್ಷ. ಅವರು ಕೇಳಿದ್ದಕ್ಕಿಂತ 1,500 ಜಾಸ್ತಿ ಮೊದಲ ತಿಂಗಳಿಂದಲೇ ಸಿಗುತ್ತದೆ, ನಿಮಗೆ ಸರಾಸರಿ 25,000ದ ಒಳಗೇ ಮುಗಿಯುತ್ತದೆ. ಐದು ವರ್ಷಕ್ಕೆ ಲಕ್ಷಕ್ಕೂ ಮೇಲೆ ಉಳಿತಾಯ.

ಡಿಪಾಸಿಟ್ ಎಷ್ಟು ಅನ್ನೋದಕ್ಕಿಂತ ವಾಪಸ್ ಹೇಗೆ ಬರುತ್ತೆ ಅನ್ನೋದು ಮುಖ್ಯ. 'ಬೀಗದ ಕೈ ಕೊಡುವ ದಿನವೇ ಡಿಪಾಸಿಟ್ ವಾಪಸ್, ಕಡಿತ ಮಾಡಿದರೆ ಬಿಲ್ ಕೊಡಬೇಕು' ಅಂತ ಬರೆಸಿ. ವಕೀಲನಾದ ನಾನೇ ಒಮ್ಮೆ ಬಾಡಿಗೆ ಆಫೀಸಿಗೆ ಇದನ್ನು ಬರೆಸದೆ ಬಿಟ್ಟೆ. ಖಾಲಿ ಮಾಡಿದ ಮೇಲೆ 'ಬಣ್ಣದ ಖರ್ಚು' ಅಂತ ಹೇಳಿ ಅರ್ಧ ದುಡ್ಡು ಹಿಡಿದುಕೊಂಡರು. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡ್ತೀನಿ.

ಈಗ ರಿಪೇರಿ. ಬೆಳಗಾವಿ ಮಳೆ ನಿಮಗೆ ಗೊತ್ತು. ಹಳೇ ಕಟ್ಟಡ ಸೋರಿದರೆ ಒಂದೇ ರಾತ್ರಿಗೆ ಒಂದು ಕಪಾಟಿನ ಸೀರೆ ಹೋಗುತ್ತವೆ. 'ಚಾವಣಿ ಮಾಲೀಕರದ್ದೇ ಅಲ್ವಾ' ಅಂತ ಸುಮ್ನೆ ಕೂತವರೇ ಜಾಸ್ತಿ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ರಿಪೇರಿ ಮಾಲೀಕರ ಹೊಣೆ ಅಂತ ಇದ್ದಾಗ ಮಾತ್ರ, ನೋಟಿಸ್ ಕೊಟ್ಟು, ಅವರು ಮಾಡದಿದ್ದರೆ ನೀವು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಆ ಹೊಣೆ ಬರೆದಿಲ್ಲದಿದ್ದರೆ ಕೇಳೋದು ಕಷ್ಟ. ಅದಕ್ಕೆ ಚಾವಣಿ, ಗೋಡೆ, ಕಟ್ಟಡದ ನೀರಿನ ಪೈಪು ಮಾಲೀಕರದ್ದು, ಶಟರ್, ಒಳಗಿನ ವೈರಿಂಗ್, ಬಣ್ಣ ನಿಮ್ಮದು ಅಂತ ಬಿಡಿಸಿ ಬರೆಸಿ. ನೋಟಿಸ್ ಕೊಟ್ಟು 15 ದಿನದಲ್ಲಿ ಮಾಡದಿದ್ದರೆ ನೀವೇ ಮಾಡಿಸಿ ಬಿಲ್ ತೋರಿಸಿ ಮುರಿದುಕೊಳ್ಳಬಹುದು ಅಂತಲೂ ಸೇರಿಸಿ. ಸಹಿ ಹಾಕುವ ದಿನ ಚಾವಣಿಯ ಫೋಟೋ ತೆಗೆದಿಡಿ.

ಅವಧಿ ಆಗಸ್ಟ್‌ಗೆ ಮುಗಿಯೋದೇ ನಿಮ್ಮ ದೊಡ್ಡ ತೊಂದರೆ. ಮುಂದೆ ಗಣೇಶ ಹಬ್ಬ, ದಸರಾ, ದೀಪಾವಳಿ. ಆ ಹೊತ್ತಿಗೆ ನೀವು ಅಂಗಡಿ ಬಿಡಲ್ಲ ಅಂತ ಮಾಲೀಕರಿಗೂ ಗೊತ್ತು. ಹಾಗಾಗಿ 5 ವರ್ಷದ ಬದಲು 4 ವರ್ಷ 10 ತಿಂಗಳು ಕೇಳಿ. ಕರಾರು ಜೂನ್ ಕೊನೆಗೆ ಮುಗಿಯುತ್ತದೆ, ಮದುವೆ ಸೀಸನ್ನೂ ಮುಗಿದಿರುತ್ತದೆ, ಮುಂದಿನ ಸಲ ಮಾತಾಡುವಾಗ ಕುತ್ತಿಗೆ ಮೇಲೆ ಕತ್ತಿ ಇರೋದಿಲ್ಲ.

ಇಷ್ಟೆಲ್ಲ ಮಾಡಿ ಬಾಂಡ್ ಪೇಪರಿನಲ್ಲಿ ಬರೆದು ಮನೆಯಲ್ಲಿಟ್ಟರೆ ಪ್ರಯೋಜನ ಇಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಇಲ್ಲದಿದ್ದರೆ ನಿಮ್ಮದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅಷ್ಟೇ. 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು.

ಪ್ರಶ್ನೆ: 12 ವರ್ಷ ಬಾಡಿಗೆಗಿದ್ದರೆ ಅಂಗಡಿ ನಮ್ಮದೇ ಆಗುತ್ತಂತೆ, ಹೌದಾ?

ಇಲ್ಲ. ಬಾಡಿಗೆ ಕೊಡುತ್ತಿದ್ದೀರಿ ಅಂದರೆ ಅವರೇ ಮಾಲೀಕರು ಅಂತ ಒಪ್ಪಿದ ಹಾಗೆ. ಇದನ್ನು ಹೇಳಿ ಯಾವ ಏಜೆಂಟಾದರೂ ಫೀಸು ತಗೊಂಡಿದ್ದರೆ ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಬಾಡಿಗೆ ಕಾಯ್ದೆ ನಮ್ಮನ್ನು ಕಾಯುತ್ತದಲ್ವಾ?

ಅಂಗಡಿಯ ವಿಸ್ತೀರ್ಣ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸೋದಿಲ್ಲ. ಮೊದಲು ಟೇಪು ಹಿಡಿದು ಅಳೆಯಿರಿ, ಆಮೇಲೆ ಕಾಯ್ದೆ ಮಾತಾಡಿ.

ಪ್ರಶ್ನೆ: 11 ತಿಂಗಳ ಬಾಂಡನ್ನೇ ವರ್ಷ ವರ್ಷ ಬರೆದರೆ ಸಾಕಾಗಲ್ವಾ?

ಮಾಲೀಕರಿಗೆ ಸಾಕು. ಒಳಗಡೆ ನಾಲ್ಕು ಲಕ್ಷದ ಫರ್ನಿಚರ್ ಹಾಕಿರುವ ನಿಮಗೆ ಸಾಲದು.